ಅಶ್ವಶಕ್ತಿ, ಅಣುಶಕ್ತಿ, ಗುರುತ್ವಾಕರ್ಷಣ ಶಕ್ತಿ: ಪದ ಒಂದೇ, ಅಳತೆ ಮೂರು

2024ರ ಆಗಸ್ಟ್ 27ರಂದು ನಡೆದ ಕೆಎಎಸ್ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳಲ್ಲಿ ಎಷ್ಟು ತಪ್ಪುಗಳಿದ್ದವು ಎಂದರೆ, ಕೊನೆಗೆ ಮರುಪರೀಕ್ಷೆಯನ್ನೇ ನಡೆಸಬೇಕಾಯಿತು. ಡಿಸೆಂಬರ್ 29ರಂದು ಆ ಮರುಪರೀಕ್ಷೆ ನಡೆದಾಗ ಅದರಲ್ಲೂ ಅನುವಾದದ ತಪ್ಪುಗಳು ಸಿಕ್ಕವು. ಇಷ್ಟು ಮುಖ್ಯವಾದ ಪರೀಕ್ಷೆಯ ಪ್ರಶ್ನೆಗಳನ್ನು ನೆಟ್ಟಗೆ ಕನ್ನಡಕ್ಕೆ ತರೋಕೆ ಏನು ಕಷ್ಟ ಎಂದು ಎಲ್ಲರೂ ಕೇಳಿದರು. ಅಲ್ಲಿನ ಬಹುಪಾಲು ತಪ್ಪುಗಳಿಗೆ ಉತ್ತರ ಸುಲಭ: ಅಸಡ್ಡೆ. ಓದಿದ ಕೂಡಲೇ ಕಣ್ಣಿಗೆ ಹೊಡೆಯುವ ತಪ್ಪುಗಳು ಅವು.

ವಿಜ್ಞಾನದ ಅನುವಾದದಲ್ಲಿ ಕಣ್ಣಿಗೆ ಹೊಡೆಯದ ಇನ್ನೊಂದು ಬಗೆಯ ತಪ್ಪಿದೆ. ವಾಕ್ಯ ಸರಿಯಾಗಿರುತ್ತದೆ, ಪದಗಳೆಲ್ಲ ನಿಘಂಟಿನಲ್ಲಿರುತ್ತವೆ, ಓದಿದರೆ ಕನ್ನಡದ ಹಾಗೇ ಕೇಳಿಸುತ್ತದೆ. ಆದರೆ ಅರ್ಥ ಬೇರೆಲ್ಲೋ ಹೋಗಿರುತ್ತದೆ. ಬಲ, ಕೆಲಸ, ಶಕ್ತಿ, ಸಾಮರ್ಥ್ಯ, ಒತ್ತಡ ಎಂಬ ಐದು ಪದಗಳ ಸುತ್ತ ಇದು ಮತ್ತೆ ಮತ್ತೆ ಆಗುತ್ತದೆ. ಕನ್ನಡದಲ್ಲಿ ವಿಜ್ಞಾನ ಓದುವ ಅವಕಾಶಗಳು ಹೆಚ್ಚುತ್ತಿರುವುದರಿಂದ ಇದು ಈಗ ಸಣ್ಣ ವಿಷಯವೂ ಅಲ್ಲ. 2021ರಿಂದ ಜೆಇಇ ಮೇನ್ ಕನ್ನಡವೂ ಸೇರಿ 13 ಭಾಷೆಗಳಲ್ಲಿ ನಡೆಯುತ್ತಿದೆ. ಕನ್ನಡದಲ್ಲೇ ಎಂಜಿನಿಯರಿಂಗ್ ಕಲಿಸಲು ತಾಂತ್ರಿಕ ಶಿಕ್ಷಣವನ್ನು ನೋಡಿಕೊಳ್ಳುವ ಎಐಸಿಟಿಇ ಒಪ್ಪಿಗೆ ಕೊಟ್ಟದ್ದೂ ಅದೇ ವರ್ಷ.

## ಶಕ್ತಿಯ ತಕರಾರು

ಕನ್ನಡಿಗರೆಲ್ಲ ಬಲ್ಲ ಮೂರು ಪದಗಳನ್ನು ನೋಡೋಣ: ಅಶ್ವಶಕ್ತಿ, ಅಣುಶಕ್ತಿ, ಗುರುತ್ವಾಕರ್ಷಣ ಶಕ್ತಿ. ಮೂರರಲ್ಲೂ ಶಕ್ತಿ ಇದೆ. ಆದರೆ ಭೌತಶಾಸ್ತ್ರದಲ್ಲಿ ಇವು ಮೂರು ಬೇರೆ ಬೇರೆ ಸಂಗತಿಗಳು. ಅಶ್ವಶಕ್ತಿ ಎಂದರೆ ಪವರ್, ಅದನ್ನು ಅಳೆಯುವುದು ವಾಟ್‌ನಲ್ಲಿ. ಒಂದು ಅಶ್ವಶಕ್ತಿ ಸುಮಾರು 746 ವಾಟ್. ಅಣುಶಕ್ತಿಯ ಶಕ್ತಿ ಎನರ್ಜಿ, ಅದರ ಅಳತೆ ಜೂಲ್. ಇನ್ನು ಗುರುತ್ವಾಕರ್ಷಣ ಶಕ್ತಿ ಎಂದು ಪತ್ರಿಕೆಗಳು ಬರೆಯುವುದು ನಿಜವಾಗಿ ಒಂದು ಬಲ, ಅದರ ಅಳತೆ ನ್ಯೂಟನ್.

ಶಾಲಾ ಪುಸ್ತಕಗಳು ಈ ಗೊಂದಲವನ್ನು ಬಿಡಿಸಲು ಪ್ರಯತ್ನಿಸಿವೆ. ಫೋರ್ಸ್‌ಗೆ ಬಲ, ವರ್ಕ್‌ಗೆ ಕೆಲಸ, ಎನರ್ಜಿಗೆ ಶಕ್ತಿ, ಪವರ್‌ಗೆ ಸಾಮರ್ಥ್ಯ ಎಂದು ಒಂದೊಂದಕ್ಕೆ ಒಂದೊಂದು ಪದ ಹಂಚಿವೆ. ಹಂಚಿಕೆ ಚೆನ್ನಾಗಿಯೇ ಇದೆ. ಆದರೆ ಹುಡುಗ ಪುಸ್ತಕ ಮುಚ್ಚಿ ಹೊರಗೆ ಬಂದರೆ ಮೋಟಾರಿನ ಮೇಲೆ ಅಶ್ವಶಕ್ತಿ ಎಂದೇ ಬರೆದಿರುತ್ತದೆ. ಪುಸ್ತಕದ ಲೆಕ್ಕದಲ್ಲಿ ಅದು ಅಶ್ವಸಾಮರ್ಥ್ಯ ಆಗಬೇಕಿತ್ತು. ಹಾಗೆ ಯಾರೂ ಹೇಳುವುದಿಲ್ಲ, ಹೇಳಿದರೆ ನಗುತ್ತಾರೆ.

ಈ ಸಾಮರ್ಥ್ಯ ಎಂಬ ಪದದ ಕಷ್ಟವೂ ಕಡಿಮೆಯದಲ್ಲ. ಟ್ಯಾಂಕಿನ ಸಾಮರ್ಥ್ಯವನ್ನು ಲೀಟರಿನಲ್ಲಿ ಹೇಳುತ್ತೇವೆ, ಜಲಾಶಯದ ಸಾಮರ್ಥ್ಯವನ್ನು ಟಿಎಂಸಿಯಲ್ಲಿ. ಎಲೆಕ್ಟ್ರಿಕ್ ಸ್ಕೂಟರಿನ ಜಾಹೀರಾತು ನೋಡಿದರೆ ಬ್ಯಾಟರಿಯ ಸಾಮರ್ಥ್ಯ 3 ಕಿಲೋವಾಟ್ ಅವರ್, ಮೋಟಾರಿನ ಸಾಮರ್ಥ್ಯ 6 ಕಿಲೋವಾಟ್ ಎಂದಿರುತ್ತದೆ. ಮೊದಲನೆಯದು ಬ್ಯಾಟರಿಯೊಳಗೆ ಎಷ್ಟು ಶಕ್ತಿ ತುಂಬುತ್ತದೆ ಎಂಬ ಲೆಕ್ಕ. ಎರಡನೆಯದು ಮೋಟಾರು ಆ ಶಕ್ತಿಯನ್ನು ಎಷ್ಟು ಜೋರಾಗಿ ಖರ್ಚು ಮಾಡಬಲ್ಲದು ಎಂಬ ಲೆಕ್ಕ. ಮೋಟಾರು ಪೂರ್ತಿ 6 ಕಿಲೋವಾಟ್‌ನಲ್ಲಿ ಓಡಿದರೆ ಆ ಬ್ಯಾಟರಿ ಅರ್ಧ ಗಂಟೆಯಲ್ಲಿ ಖಾಲಿ. ಈ ಅರ್ಧ ಗಂಟೆ ಸಿಗಬೇಕಾದರೆ ಎರಡು ಸಾಮರ್ಥ್ಯಗಳೂ ಬೇರೆ ಜಾತಿಯವು ಎಂದು ಮೊದಲು ಗೊತ್ತಿರಬೇಕು. ಪದದಿಂದ ಅದು ಗೊತ್ತಾಗುವುದಿಲ್ಲ, ಪಕ್ಕದ ಅಂಕಿಯ ಬಾಲದಿಂದ ಗೊತ್ತಾಗಬೇಕು.

ಇನ್ನೂ ಮಜಾ ಇರುವುದು ವ್ಯಾಖ್ಯೆಯಲ್ಲಿ. ಶಕ್ತಿ ಎಂದರೇನು ಎಂದು ಕೇಳಿದರೆ ತಲೆಮಾರುಗಳಿಂದ ಮಕ್ಕಳು ಬಾಯಿಪಾಠ ಒಪ್ಪಿಸುವ ಉತ್ತರ: ಕೆಲಸ ಮಾಡುವ ಸಾಮರ್ಥ್ಯವೇ ಶಕ್ತಿ. ಇಲ್ಲಿ ಸಾಮರ್ಥ್ಯ ಎಂದರೆ ಯೋಗ್ಯತೆ, ತಾಕತ್ತು ಎಂಬ ದಿನಬಳಕೆಯ ಅರ್ಥ. ಅದೇ ಪಾಠದಲ್ಲಿ ಮುಂದೆ ಕೆಲಸ ನಡೆಯುವ ದರವೇ ಸಾಮರ್ಥ್ಯ ಎಂಬ ಹೊಸ ವ್ಯಾಖ್ಯೆ ಬರುತ್ತದೆ. ಎರಡನ್ನೂ ನಂಬುವ ಜಾಣ ಹುಡುಗಿ ಏನು ಮಾಡಬೇಕು? ಮೊದಲ ವಾಕ್ಯದೊಳಗೆ ಎರಡನೆಯದನ್ನು ಇಟ್ಟರೆ, ಕೆಲಸ ನಡೆಯುವ ದರವೇ ಶಕ್ತಿ ಎಂದಾಗುತ್ತದೆ. ಅದು ತಪ್ಪು. ಇಂಗ್ಲಿಷ್ ಪುಸ್ತಕದಲ್ಲಿ ಈ ಗುಂಡಿ ಇಲ್ಲ. ಅಲ್ಲಿ ಮೊದಲ ಜಾಗದಲ್ಲಿ ಕೆಪ್ಯಾಸಿಟಿ, ಎರಡನೇ ಜಾಗದಲ್ಲಿ ಪವರ್ ಎಂದು ಎರಡು ಪದ ಇವೆ. ಕನ್ನಡಕ್ಕೆ ಬರುವಾಗ ಎರಡೂ ಒಂದೇ ಪದದೊಳಗೆ ಬಿದ್ದವು. ಹತ್ತನೇ ತರಗತಿಗೆ ಬಂದರೆ ಮಸೂರದ ಸಾಮರ್ಥ್ಯ ಎಂಬುದೂ ಸೇರಿಕೊಳ್ಳುತ್ತದೆ. ಕನ್ನಡಕದ ಅಂಗಡಿಯವರು ಪವರ್ ಎನ್ನುವುದು ಅದನ್ನೇ. ಅದಕ್ಕೂ ವಾಟ್‌ಗೂ ಯಾವ ನಂಟೂ ಇಲ್ಲ.

## ಪಾವಗಡ ದೊಡ್ಡದೋ, ರಾಯಚೂರು ದೊಡ್ಡದೋ

ಇದರ ಪೆಟ್ಟು ಶಾಲೆಯ ಆಚೆಗೂ ಬೀಳುತ್ತದೆ. ಪಾವಗಡದ ಸೌರ ಪಾರ್ಕಿನ ಸ್ಥಾಪಿತ ಸಾಮರ್ಥ್ಯ 2050 ಮೆಗಾವಾಟ್. ರಾಯಚೂರಿನ ಶಾಖೋತ್ಪನ್ನ ಕೇಂದ್ರದ್ದು 1720 ಮೆಗಾವಾಟ್. ಇಷ್ಟೇ ಓದಿದವರು ಪಾವಗಡದಿಂದಲೇ ಜಾಸ್ತಿ ಕರೆಂಟು ಬರುತ್ತದೆ ಅಂದುಕೊಳ್ಳುತ್ತಾರೆ. 2050 ಮೆಗಾವಾಟ್ ವಿದ್ಯುತ್ ಶಕ್ತಿ ಎಂದು ಸುದ್ದಿಯಲ್ಲಿ ಬಂದರೆ ಹಾಗೆ ಅಂದುಕೊಳ್ಳದೆ ಇನ್ನೇನು ಮಾಡಿಯಾರು?

ಮೆಗಾವಾಟ್ ಹೇಳುವುದು ದರವನ್ನು ಮಾತ್ರ. ಒಂದು ಕಿಲೋವಾಟ್ ಒಂದು ಗಂಟೆ ನಡೆದರೆ ಒಂದು ಯೂನಿಟ್. ಒಂದು ವರ್ಷಕ್ಕೆ 8760 ಗಂಟೆ. ಸೌರ ಫಲಕಕ್ಕೆ ರಾತ್ರಿ ಬಿಡುವು, ಮೋಡ ಕವಿದರೆ ಇಳಿತ, ಬೆಳಗ್ಗೆ ಸಂಜೆ ಓರೆ ಬಿಸಿಲು. ಎಲ್ಲ ಲೆಕ್ಕ ಹಾಕಿದರೆ ಪೂರ್ತಿ ಸಾಮರ್ಥ್ಯದ ಐದನೇ ಒಂದು ಪಾಲಿನಷ್ಟು ಕೈಗೆ ಬರುತ್ತದೆ ಎಂದಿಟ್ಟುಕೊಳ್ಳೋಣ. ಆಗ ಪಾವಗಡದಿಂದ ವರ್ಷಕ್ಕೆ ಸುಮಾರು 360 ಕೋಟಿ ಯೂನಿಟ್ ಆಗುತ್ತದೆ. ರಾಯಚೂರಿನ ಘಟಕಗಳು ಸುಮ್ನೆ ಅರ್ಧಕ್ಕರ್ಧ ಓಡಿದರೂ ಸುಮಾರು 750 ಕೋಟಿ ಯೂನಿಟ್. ಸಾಮರ್ಥ್ಯದಲ್ಲಿ ಪಾವಗಡ ಮುಂದೆ, ವರ್ಷದ ಶಕ್ತಿಯ ಲೆಕ್ಕದಲ್ಲಿ ರಾಯಚೂರು ಎರಡರಷ್ಟು ಮುಂದೆ. ಎರಡೂ ಮಾತು ನಿಜ. ಎರಡಕ್ಕೂ ಒಂದೇ ಪದ ಬಳಸಿದರೆ ಒಂದು ಇನ್ನೊಂದನ್ನು ಸುಳ್ಳು ಮಾಡಿದ ಹಾಗೆ ಕಾಣುತ್ತದೆ, ಅಷ್ಟೇ.

ಮನೆಗೆ ಬರುವ ಕರೆಂಟ್ ಬಿಲ್ಲಿನಲ್ಲೂ ಇದೇ ಜೋಡಿ ಇದೆ. ಬಳಸಿದ ಯೂನಿಟ್‌ಗೆ ಒಂದು ಶುಲ್ಕ, ಅದು ಶಕ್ತಿಯ ಬೆಲೆ. ಮಂಜೂರಾದ ಕಿಲೋವಾಟ್ ಮೇಲೆ ಇನ್ನೊಂದು ನಿಗದಿತ ಶುಲ್ಕ, ಅದು ಪವರ್‌ನ ಬೆಲೆ. ಊರಿಗೆ ಹೋಗಿ ಒಂದು ತಿಂಗಳು ಮನೆ ಬೀಗ ಹಾಕಿದ್ದರೂ ಬಿಲ್ಲು ಯಾಕೆ ಬಂತು ಎಂದು ಜಗಳ ಆಡುವವರಿಗೆ ಯಾರೂ ಈ ವ್ಯತ್ಯಾಸವನ್ನು ಕನ್ನಡದಲ್ಲಿ ಬಿಡಿಸಿ ಹೇಳಿರುವುದಿಲ್ಲ.

## ಹಮಾಲಿ ಮಾಡಿದ್ದು ಕೆಲಸ ಅಲ್ವಾ?

ಕೆಲಸದ ಕಥೆ ಬೇರೆ. ಇಲ್ಲಿ ಒಂದೇ ಪದಕ್ಕೆ ಹಲವು ಅಳತೆಗಳ ತೊಂದರೆ ಇಲ್ಲ. ದಿನಬಳಕೆಯ ಅರ್ಥಕ್ಕೂ ಶಾಸ್ತ್ರದ ಅರ್ಥಕ್ಕೂ ನೇರ ಜಗಳ.

ಎಪಿಎಂಸಿ ಯಾರ್ಡಿನಲ್ಲಿ ಒಬ್ಬ ಹಮಾಲಿ 50 ಕಿಲೋ ಚೀಲವನ್ನು ನೆಲದಿಂದ ಒಂದೂವರೆ ಮೀಟರ್ ಎತ್ತಿ ಹೆಗಲಿಗೇರಿಸುತ್ತಾನೆ. ಆ ಹೊರೆಯೊಂದಿಗೆ ಸಮನೆಲದಲ್ಲಿ 100 ಮೀಟರ್ ನಡೆಯುತ್ತಾನೆ. ಕೊನೆಗೆ ಮೆಲ್ಲಗೆ ಕೆಳಗಿಳಿಸುತ್ತಾನೆ. ಭೌತಶಾಸ್ತ್ರದಲ್ಲಿ ಕೆಲಸ ಎಂದರೆ ಬಲ ಮತ್ತು ಆ ಬಲದ ದಿಕ್ಕಿನಲ್ಲಿ ಸರಿದ ದೂರ, ಇವೆರಡರ ಗುಣಲಬ್ಧ. ಎತ್ತುವಾಗ ಬಲವೂ ಮೇಲಕ್ಕೆ, ಚೀಲ ಸರಿದದ್ದೂ ಮೇಲಕ್ಕೆ. 50 × 9.8 × 1.5, ಅಂದರೆ 735 ಜೂಲ್ ಕೆಲಸ ಆಯಿತು. ನಡೆಯುವಾಗ ಹೆಗಲು ಚೀಲವನ್ನು ಮೇಲಕ್ಕೆ ತಳ್ಳುತ್ತಿದೆ, ಚೀಲ ಹೋಗುತ್ತಿರುವುದು ಮುಂದಕ್ಕೆ. ಮೇಲಕ್ಕೆ ಅದು ಒಂದಿಷ್ಟೂ ಸರಿದಿಲ್ಲ. ಹಾಗಾಗಿ ಹೆಗಲಿನ ಆ ಬಲ ಮಾಡಿದ ಕೆಲಸ ಸೊನ್ನೆ. ಇಳಿಸುವಾಗ ಬಲ ಮೇಲಕ್ಕೆ, ಚೀಲ ಸರಿದದ್ದು ಕೆಳಕ್ಕೆ. ಆದ್ದರಿಂದ ಮೈನಸ್ 735 ಜೂಲ್. ಎಲ್ಲ ಕೂಡಿದರೆ ಸೊನ್ನೆ.

ಬೆವರು ಸುರಿಸಿದ ಮನುಷ್ಯನಿಗೆ ನೀನು ಮಾಡಿದ ಕೆಲಸ ಸೊನ್ನೆ ಎಂದು ಹೇಳುವ ಶಾಸ್ತ್ರದ ಮೇಲೆ ಯಾರಿಗಾದರೂ ಸಿಟ್ಟು ಬರುತ್ತದೆ. ಸಿಟ್ಟಿಗೆ ಕಾರಣ, ಲೆಕ್ಕ ಯಾರದ್ದು ಎಂಬುದನ್ನು ಅನುವಾದ ಮುಚ್ಚಿಡುವುದು. ಮೇಲಿನ ಲೆಕ್ಕ ಚೀಲದ್ದು. ಮೊದಲು ನೆಲದ ಮೇಲಿದ್ದ ಚೀಲ ಕೊನೆಗೂ ನೆಲದ ಮೇಲೇ ಇದೆ. ಅದರ ಖಾತೆಗೆ ಏನೂ ಜಮೆ ಆಗಿಲ್ಲ. ಹಮಾಲಿಯ ಮೈಯ ಖಾತೆ ಬೇರೆ. ಹೊರೆ ಹೊತ್ತು ನಿಂತಿರುವಾಗಲೂ ಸ್ನಾಯುವಿನ ಎಳೆಗಳು ಎಳೆದು, ಬಿಟ್ಟು, ಮತ್ತೆ ಎಳೆಯುತ್ತಲೇ ಇರುತ್ತವೆ. ಊಟದಿಂದ ಬಂದ ಶಕ್ತಿ ಅಲ್ಲಿ ಖರ್ಚಾಗಿ ಶಾಖವಾಗುತ್ತದೆ. ದಣಿವು ಅದರದ್ದು, ಬೆವರೂ ಅದರದ್ದು.

ಇಂಗ್ಲಿಷಿನಲ್ಲಿ ಈ ಲೆಕ್ಕ ಯಾರದ್ದು ಎಂದು ತೋರಿಸುವ ಆನ್ ಎಂಬ ಒಂದು ಸಣ್ಣ ಉಪಸರ್ಗ ಇರುತ್ತದೆ. ಅದನ್ನೇ ಕನ್ನಡಕ್ಕೆ ಇಳಿಸಿ ವಸ್ತುವಿನ ಮೇಲೆ ಮಾಡಿದ ಕೆಲಸ ಎಂದು ಬರೆಯುತ್ತಾರೆ. ಕನ್ನಡದ ಕಿವಿಗೆ ಮೇಲೆ ಎಂದರೆ ಜಾಗ. ಚಾವಣಿಯ ಮೇಲೆ ಮಾಡಿದ ಕೆಲಸ ಎಂದರೆ ಗಾರೆಯವನು ಅಲ್ಲಿ ಹತ್ತಿ ಕೂತಿದ್ದಾನೆ ಎಂದರ್ಥ. ಚೀಲವನ್ನು ಎತ್ತಲು ಬಲ ಮಾಡಿದ ಕೆಲಸ, ಚೀಲಕ್ಕೆ ಸಂದ ಶಕ್ತಿ ಎಂದು ಬರೆದರೆ ಖಾತೆ ಯಾರದ್ದು ಎಂಬುದು ತಾನೇ ಸ್ಪಷ್ಟವಾಗುತ್ತದೆ.

ಅಂದ ಹಾಗೆ, 735 ಜೂಲ್ ಎಂದರೆ ತೀರಾ ಕಡಿಮೆ. ಕರೆಂಟ್ ಬಿಲ್ಲಿನ ಒಂದು ಯೂನಿಟ್ 36 ಲಕ್ಷ ಜೂಲ್. ಅಷ್ಟಾಗಬೇಕಾದರೆ ಇಂಥ 4,900ರಷ್ಟು ಚೀಲಗಳನ್ನು ಎತ್ತಬೇಕು.

## ಬಲ ಯಾರ ಬಳಿ ಇದೆ?

ಬಲದ ವಿಷಯದಲ್ಲಿ ತೊಡಕು ಇರುವುದು ವಾಕ್ಯದ ಕಟ್ಟಿನಲ್ಲಿ. ಪೈಲ್ವಾನನಿಗೆ ಬಲ ಇದೆ, ಸರ್ಕಾರಕ್ಕೆ ಬಹುಮತದ ಬಲ ಇದೆ, ಜ್ವರ ಬಿಟ್ಟ ಮೇಲೆ ಮೈಗೆ ಬಲ ಬಂತು. ದಿನಬಳಕೆಯಲ್ಲಿ ಬಲ ಎಂಬುದು ಒಬ್ಬರ ಬಳಿ ಇರುವ ಆಸ್ತಿ. ಭೌತಶಾಸ್ತ್ರದ ಬಲ ಯಾರ ಬಳಿಯೂ ಇರುವುದಿಲ್ಲ. ಅದು ಎರಡು ವಸ್ತುಗಳ ನಡುವೆ, ಅವು ಒಂದನ್ನೊಂದು ತಾಕುತ್ತಿರುವಾಗ, ಎಳೆಯುತ್ತಿರುವಾಗ ಅಥವಾ ತಳ್ಳುತ್ತಿರುವಾಗ ಮಾತ್ರ ಇರುತ್ತದೆ.

ಇದರಿಂದ ಆಗುವ ತಪ್ಪು ಗೊತ್ತಿರುವಂಥದ್ದೇ. ಮೇಲಕ್ಕೆ ಎಸೆದ ಚೆಂಡು ಕೈ ಬಿಟ್ಟ ಮೇಲೆ ಅದರ ಮೇಲೆ ಯಾವ ಬಲಗಳಿವೆ ಎಂದು ಕೇಳಿದರೆ, ಕೈ ಕೊಟ್ಟ ಬಲ ಇನ್ನೂ ಚೆಂಡಿನಲ್ಲಿದೆ, ಅದು ಮುಗಿದಾಗ ಚೆಂಡು ಕೆಳಗೆ ಬರುತ್ತದೆ ಎಂಬ ಉತ್ತರ ಬರುತ್ತದೆ. ಗಾಳಿಯ ತಡೆಯನ್ನು ಬಿಟ್ಟರೆ ಅಲ್ಲಿ ಇರುವುದು ಭೂಮಿಯ ಎಳೆತ ಒಂದೇ. ಚೆಂಡು ಹೊತ್ತೊಯ್ಯುವುದು ವೇಗವನ್ನು, ಬಲವನ್ನಲ್ಲ.

ಇದಕ್ಕೆ ಕನ್ನಡವನ್ನೇ ದೂರುವುದು ನ್ಯಾಯವಲ್ಲ. 1992ರಲ್ಲಿ ಅಮೆರಿಕದಲ್ಲಿ ಹೆಸ್ಟೆನೆಸ್ ಮತ್ತು ಅವರ ಜೊತೆಗಾರರು ಬಲದ ಕುರಿತ ತಿಳಿವಳಿಕೆಯನ್ನು ಅಳೆಯುವ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಇಂಗ್ಲಿಷ್‌ನಲ್ಲೇ ಓದಿದ ಕಾಲೇಜು ವಿದ್ಯಾರ್ಥಿಗಳೂ ಇದೇ ತಪ್ಪು ಮಾಡುತ್ತಾರೆ ಎಂಬುದು ಅದರಿಂದ ಎದ್ದು ಕಂಡಿತು. ತಪ್ಪು ಎಲ್ಲ ಭಾಷೆಯಲ್ಲೂ ಇದೆ. ಚೆಂಡಿನಲ್ಲಿ ಬಲ ಇದೆ ಎಂಬ ಸಲೀಸಾದ ವಾಕ್ಯ ಕನ್ನಡದಲ್ಲಿ ಅದನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ, ಅಷ್ಟು ಮಾತ್ರ ಹೇಳಬಹುದು. ಇದರ ಜೊತೆಗೆ ಬಲಗೈಯ ಬಲ ಬೇರೆ ಇದೆ. ಪೆಟ್ಟಿಗೆಯನ್ನು ಬಲಕ್ಕೆ 10 ನ್ಯೂಟನ್ ಬಲದಿಂದ ತಳ್ಳಿದಾಗ ಎಂಬ ಸಾಲನ್ನು ಎರಡು ಸಲ ಓದದೆ ಮುಂದೆ ಹೋಗುವುದು ಕಷ್ಟ.

## ಎಳೆದರೂ ಒತ್ತಡವೇ?

ನಿಜವಾದ ಬಿಕ್ಕಟ್ಟು ಇರುವುದು ಸ್ಟ್ರೆಸ್ ಎಂಬ ಪದದಲ್ಲಿ. ಎಂಟನೇ ತರಗತಿಯಿಂದಲೇ ಪ್ರೆಷರ್ ಎಂದರೆ ಒತ್ತಡ ಎಂದು ಕಲಿಸಿದ್ದೇವೆ. ರಕ್ತದೊತ್ತಡವೂ ಪ್ರೆಷರ್ರೇ, ಅಲ್ಲಿ ಹೊಂದಿಕೆ ಇದೆ. ಹವಾಮಾನದ ಸುದ್ದಿಯಲ್ಲಿ ಮಾತ್ರ ಅದೇ ಪ್ರೆಷರ್ ವಾಯುಭಾರ, ಅದು ಇಳಿದರೆ ವಾಯುಭಾರ ಕುಸಿತ ಎಂದಾಗುತ್ತದೆ. ಗಾಳಿಯ ತೂಕ ಕುಸಿದದ್ದಾಗಿ ಕೇಳಿದರೂ ಬಂಗಾಳ ಕೊಲ್ಲಿಯ ಮಳೆ ನಿಲ್ಲುವುದಿಲ್ಲ, ಬಿಡಿ. ಆದರೆ ಪರೀಕ್ಷೆ, ಸಾಲ, ಆಫೀಸಿನ ಸ್ಟ್ರೆಸ್‌ಗೆ ಪತ್ರಿಕೆಗಳು ಮಾನಸಿಕ ಒತ್ತಡ ಎಂದು ಬರೆದು ಬರೆದು, ಸ್ಟ್ರೆಸ್ ಎಂದ ಕೂಡಲೇ ಅನುವಾದಕರ ಬೆರಳಿಗೆ ಒತ್ತಡವೇ ಬರುತ್ತದೆ. ಪೀಡನ ಎಂಬ ಪದವೂ ಓಡಾಟದಲ್ಲಿದೆ, ಗಟ್ಟಿಯಾಗಿ ನೆಲೆಸಿಲ್ಲ.

ಶಾಲೆಯ ಮಟ್ಟದಲ್ಲಿ ಹೇಗೋ ನಡೆಯುತ್ತದೆ. ಎಂಜಿನಿಯರಿಂಗ್ ಪುಸ್ತಕದಲ್ಲಿ ನಡೆಯುವುದಿಲ್ಲ. ಅಲ್ಲಿ ಪ್ರೆಷರ್ ಮತ್ತು ವಸ್ತುವಿನೊಳಗೆ ಹುಟ್ಟುವ ಬಲದ ಅಳತೆಯಾದ ಸ್ಟ್ರೆಸ್ ಒಂದೇ ಸಾಲಿನಲ್ಲಿ ಬರುತ್ತವೆ, ಎರಡರ ಅಳತೆಯೂ ಪಾಸ್ಕಲ್ಲೇ. ಶಕ್ತಿ, ಸಾಮರ್ಥ್ಯಗಳ ಗೊಂದಲವನ್ನು ಅಳತೆಯ ಬಾಲ ನೋಡಿ ಬಿಡಿಸಬಹುದಿತ್ತು. ಇಲ್ಲಿ ಆ ಉಪಾಯವೂ ಇಲ್ಲ.

ಅಡುಗೆ ಗ್ಯಾಸಿನ ಸಿಲಿಂಡರಿನಂಥ ಒಂದು ಉರುಳೆ ತಗೊಳ್ಳೋಣ. ವ್ಯಾಸ 300 ಮಿಲಿಮೀಟರ್, ಗೋಡೆಯ ದಪ್ಪ 3 ಮಿಲಿಮೀಟರ್, ಒಳಗಿನ ಅನಿಲದ ಒತ್ತಡ 0.8 ಮೆಗಾಪಾಸ್ಕಲ್ ಎಂದಿಟ್ಟುಕೊಳ್ಳೋಣ. ಅನಿಲ ಗೋಡೆಯನ್ನು ಹೊರಕ್ಕೆ ಒತ್ತುತ್ತದೆ. ಉರುಳೆಯನ್ನು ಉದ್ದುದ್ದ ಸೀಳಿ ಎರಡು ಹೋಳು ಮಾಡಿದಂತೆ ಕಲ್ಪಿಸಿಕೊಂಡರೆ, ಆ ಹೋಳುಗಳು ಬೇರೆಯಾಗದಂತೆ ಹಿಡಿದಿರುವುದು ಎರಡು ಪಕ್ಕದ 3 ಮಿಲಿಮೀಟರ್ ಲೋಹ ಮಾತ್ರ. ಆ ಲೋಹದೊಳಗಿನ ಸ್ಟ್ರೆಸ್‌ನ ಲೆಕ್ಕ ಹೀಗೆ:

0.8 × 300 ÷ (2 × 3) = 40 ಮೆಗಾಪಾಸ್ಕಲ್

ಅನಿಲದೊಳಗೆ 0.8, ಲೋಹದೊಳಗೆ 40. ಐವತ್ತು ಪಟ್ಟು ವ್ಯತ್ಯಾಸ. ಅದಕ್ಕಿಂತ ಮುಖ್ಯವಾದ ವ್ಯತ್ಯಾಸ ಇನ್ನೊಂದಿದೆ. ಅನಿಲ ಒತ್ತುತ್ತಿದೆ, ಆದರೆ ಗೋಡೆಯ ಲೋಹವನ್ನು ಸುತ್ತಳತೆಯ ಉದ್ದಕ್ಕೂ ಎಳೆಯಲಾಗುತ್ತಿದೆ. ಸಿಲಿಂಡರ್ ಸಿಡಿಯುವುದಾದರೆ ಈ ಎಳೆತಕ್ಕೆ ಲೋಹ ಸೋತು ಸಿಡಿಯುತ್ತದೆ. ಈಗ ಇದೇ ಸಾಲು ಅನುವಾದದಲ್ಲಿ ಸಿಲಿಂಡರಿನ ಒಳಒತ್ತಡ 0.8 ಇದ್ದಾಗ ಗೋಡೆಯ ಒತ್ತಡ 40 ಆಗುತ್ತದೆ ಎಂದು ಬಂದರೆ ಓದುವವನಿಗೆ ಏನನ್ನಿಸಬೇಕು? ಗೋಡೆಯನ್ನು ಯಾರೋ ಐವತ್ತು ಪಟ್ಟು ಜೋರಾಗಿ ಅಮುಕುತ್ತಿದ್ದಾರೆ ಎಂದೇ. ಒತ್ತಡದ ಬೇರು ಒತ್ತು. ಎಳೆಯುವುದನ್ನು ಒತ್ತುವುದು ಎಂದು ಕನ್ನಡದ ಮನಸ್ಸು ಓದಲಾರದು.

ಪ್ರೆಷರ್‌ಗೂ ಸ್ಟ್ರೆಸ್‌ಗೂ ಇರುವ ವ್ಯತ್ಯಾಸ ಗುಣದಲ್ಲೇ ಇದೆ. ನಿಂತ ನೀರಿನೊಳಗೆ ಒಂದು ಬಿಂದುವಿನಲ್ಲಿ ಒತ್ತಡ ಎಲ್ಲ ದಿಕ್ಕಿಗೂ ಒಂದೇ, ಒತ್ತುವುದೊಂದೇ ಅದಕ್ಕೆ ಗೊತ್ತು. ಲೋಹದೊಳಗಿನ ಸ್ಟ್ರೆಸ್ ದಿಕ್ಕಿನಿಂದ ದಿಕ್ಕಿಗೆ ಬದಲಾಗುತ್ತದೆ. ಅದೇ ಸಿಲಿಂಡರಿನಲ್ಲಿ ಸುತ್ತಳತೆಯ ದಿಕ್ಕಿಗೆ 40 ಇದ್ದರೆ ಉದ್ದದ ದಿಕ್ಕಿಗೆ 20 ಮಾತ್ರ. ಎಳೆಯಬಹುದು, ಅಮುಕಬಹುದು, ಇಸ್ಪೀಟ್ ಎಲೆಗಳನ್ನು ಓರೆಯಾಗಿ ಜಾರಿಸಿದಂತೆ ಪದರಗಳನ್ನು ಜಾರಿಸಲೂಬಹುದು.

## ಯುರೋಪಿನವರೂ ಇದೇ ಕೆಸರಿನಲ್ಲಿದ್ದರು

ಕನ್ನಡಕ್ಕೆ ವಿಜ್ಞಾನ ಒಗ್ಗುವುದಿಲ್ಲ ಎಂಬ ತೀರ್ಮಾನಕ್ಕೆ ಬರುವವರು ಸ್ವಲ್ಪ ಹಿಂದಕ್ಕೆ ನೋಡಬೇಕು. ಶಕ್ತಿ ನಾಶವಾಗುವುದಿಲ್ಲ ಎಂಬ ನಿಯಮವನ್ನು ಹೆಲ್ಮ್‌ಹೋಲ್ಟ್ಸ್ 1847ರಲ್ಲಿ ಮಂಡಿಸಿದಾಗ ಜರ್ಮನ್ ಭಾಷೆಯಲ್ಲಿ ಬಳಸಿದ್ದು ಕ್ರಾಫ್ಟ್ ಎಂಬ ಪದವನ್ನು. ಅದರ ಅರ್ಥ ಬಲ. ನಮ್ಮ ಗುರುತ್ವಾಕರ್ಷಣ ಶಕ್ತಿಯ ಗೊಂದಲವೇ, ಉಲ್ಟಾ ದಿಕ್ಕಿನಲ್ಲಿ. ಥಾಮಸ್ ಯಂಗ್ 1807ರಲ್ಲೇ ಎನರ್ಜಿ ಎಂಬ ಪದವನ್ನು ವಿಜ್ಞಾನಕ್ಕೆ ತಂದಿದ್ದರೂ ಅದು ಊರಿ ನಿಲ್ಲಲು ಅರ್ಧ ಶತಮಾನ ಬೇಕಾಯಿತು. ಇಂಗ್ಲಿಷಿನಲ್ಲಿ ಸ್ಟ್ರೆಸ್ ಮತ್ತು ಸ್ಟ್ರೇನ್ ಎಂಬ ಪದಗಳೂ ಕಲಸಿಹೋಗಿದ್ದವು. 1850ರ ದಶಕದಲ್ಲಿ ಸ್ಕಾಟ್ಲೆಂಡಿನ ಎಂಜಿನಿಯರ್ ರ‍್ಯಾಂಕಿನ್ ಅವೆರಡನ್ನೂ ಬೇರೆ ಮಾಡಿದರು: ಒಳಗೆ ಹುಟ್ಟುವ ಬಲಕ್ಕೆ ಸ್ಟ್ರೆಸ್, ಆಕಾರದಲ್ಲಾಗುವ ಬದಲಾವಣೆಗೆ ಸ್ಟ್ರೇನ್.

ಕೆಲಸ ಎಂಬ ಪದವೂ ಬಂದದ್ದು ದುಡಿಮೆಯ ಲೋಕದಿಂದಲೇ. ಯಂತ್ರಗಳ ಲೆಕ್ಕದಲ್ಲಿ ತೊಡಗಿದ್ದ ಫ್ರಾನ್ಸಿನ ಕೊರಿಯೋಲಿಸ್ 1829ರಲ್ಲಿ ದುಡಿಮೆ ಎಂಬ ಅರ್ಥದ ಫ್ರೆಂಚ್ ಪದವನ್ನೇ ಆರಿಸಿಕೊಂಡರು. ಯಂತ್ರ ಕೊಂಡವನಿಗೆ ಬೇಕಿದ್ದದ್ದು ಎಷ್ಟು ನೀರು ಎಷ್ಟು ಮೇಲಕ್ಕೆ ಬಂತು ಎಂಬ ಲೆಕ್ಕ. ಯಂತ್ರಕ್ಕೆ ದಣಿವಿಲ್ಲ, ಹಾಗಾಗಿ ದಣಿವು ಲೆಕ್ಕದಿಂದ ಬಿದ್ದುಹೋಯಿತು. ಹಮಾಲಿಯ ಸೊನ್ನೆಯ ಮೂಲ ಅಲ್ಲಿದೆ.

ಅಂದರೆ ದಿನಬಳಕೆಯ ಪದ ಶಾಸ್ತ್ರಕ್ಕೆ ಬಂದಾಗ ಜಗಳ ಆಗುವುದು ಎಲ್ಲ ಭಾಷೆಯಲ್ಲೂ ಇದ್ದದ್ದೇ. ಅವರಿಗೂ ನಮಗೂ ಇರುವ ವ್ಯತ್ಯಾಸ ಒಂದೇ. ಅವರು ಕೊನೆಗೆ ಒಂದು ಪದಕ್ಕೆ ಒಂದೇ ಅಳತೆ ಎಂದು ಕಟ್ಟಿಹಾಕಿದರು. ನಮ್ಮಲ್ಲಿ ಒಬ್ಬ ಅನುವಾದಕ ಕಟ್ಟಿದ್ದನ್ನು ಇನ್ನೊಬ್ಬ ಬಿಚ್ಚುತ್ತಾನೆ.

## ಮೂರು ದಾರಿಗಳು

ಸಂಸ್ಕೃತದ ಪದಗಳನ್ನೇ ಬಳಸಿ, ದೇಶಕ್ಕೆಲ್ಲ ಒಂದೇ ಪದ ಇರಲಿ ಎಂಬುದು ಹಳೆಯ ವಾದ. ಕೇಂದ್ರ ಸರ್ಕಾರ 1961ರಲ್ಲಿ ಪಾರಿಭಾಷಿಕ ಪದಗಳಿಗಾಗಿ ಆಯೋಗವನ್ನೇ ಮಾಡಿತು. ಆದರೆ ಈ ಐದು ಪದಗಳಲ್ಲೇ ಆ ಆಸೆ ಮುರಿದುಬೀಳುತ್ತದೆ. ಹಿಂದಿ ಪುಸ್ತಕದಲ್ಲಿ ಶಕ್ತಿ ಎಂದರೆ ಪವರ್, ಎನರ್ಜಿಗೆ ಊರ್ಜಾ. ಕನ್ನಡದಲ್ಲಿ ಶಕ್ತಿ ಎಂದರೆ ಎನರ್ಜಿ. ಹಿಂದಿ ಪಠ್ಯವನ್ನು ಪಕ್ಕದಲ್ಲಿಟ್ಟುಕೊಂಡು ಕನ್ನಡಕ್ಕೆ ತರುವವರು ಶಕ್ತಿಯನ್ನು ಶಕ್ತಿ ಎಂದೇ ಇಳಿಸಿದರೆ ಪಾಠ ಪೂರ್ತಿ ತಲೆಕೆಳಗು. ಪದ ಒಂದೇ ಇರುವುದರಿಂದಲೇ ಅನುಮಾನವೂ ಬರುವುದಿಲ್ಲ. ರಾಜ್ಯದ ಎನರ್ಜಿ ಇಲಾಖೆಯ ಕನ್ನಡ ಹೆಸರು ಇಂಧನ ಇಲಾಖೆ ಎಂಬುದನ್ನೂ ಇಲ್ಲಿ ಸೇರಿಸಿಕೊಳ್ಳಬಹುದು.

ಇಂಗ್ಲಿಷ್ ಪದಗಳನ್ನೇ ಕನ್ನಡ ಲಿಪಿಯಲ್ಲಿ ಬರೆದರೆ ಮುಗಿಯಿತಲ್ಲ ಎಂಬುದು ಎರಡನೇ ವಾದ. ಮೇಲ್ನೋಟಕ್ಕೆ ಸರಿ. ಆದರೆ ಪವರ್ ಕಟ್, ಕನ್ನಡಕದ ಪವರ್, ಪವರ್ ಇರುವ ಮಂತ್ರಿ, ಇವೆಲ್ಲ ಈಗ ಕನ್ನಡವೇ. ಸ್ಟ್ರೆಸ್ ಕೂಡ ಮನೆಮಾತಾಗಿದೆ. ಎರವಲು ಪದವೂ ದಿನಬಳಕೆಯ ಅರ್ಥವನ್ನು ಹೊತ್ತೇ ಬರುತ್ತದೆ.

ಮೂರನೆಯದು ಕನ್ನಡದ್ದೇ ಬೇರುಗಳಿಂದ ಪದ ಕಟ್ಟುವ ದಾರಿ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಇದಕ್ಕಾಗಿ ಬಲವಾಗಿ ವಾದಿಸಿದರು. ಎನರ್ಜಿಗೆ ಕಸುವು ಎಂದು ಬರೆಯುವವರು ಈಗ ಇದ್ದಾರೆ. ತಮಿಳರು ಬಹುಮಟ್ಟಿಗೆ ಈ ದಾರಿಯಲ್ಲೇ ನಡೆದು, ಎನರ್ಜಿಗೆ ಆಟ್ರಲ್, ಪವರ್‌ಗೆ ತಿರನ್, ಪ್ರೆಷರ್‌ಗೆ ಅಳುತ್ತಂ, ಸ್ಟ್ರೆಸ್‌ಗೆ ತಗೈವು ಎಂದು ಬೇರೆ ಬೇರೆ ಪದ ಇಟ್ಟುಕೊಂಡರು. ಹೊಸ ಪದ ಅಪರಿಚಿತ, ಮಕ್ಕಳಿಗೆ ಕಷ್ಟ ಎಂಬ ಆಕ್ಷೇಪ ಇದ್ದೇ ಇದೆ.

ಮೂರರಲ್ಲಿ ಒಂದನ್ನು ಎಲ್ಲ ಪದಕ್ಕೂ ಅನ್ವಯಿಸಬೇಕೆಂಬ ಹಟವೇ ಬೇಡ ಎನಿಸುತ್ತದೆ. ಶಕ್ತಿ ಎಂದರೆ ಎನರ್ಜಿ ಎಂಬುದು ಶಾಲೆಯಲ್ಲಿ ಬೇರೂರಿದೆ, ಈಗ ಕಿತ್ತರೆ ನಷ್ಟವೇ ಜಾಸ್ತಿ. ಸಾಮರ್ಥ್ಯವನ್ನು ಪವರ್‌ಗೆ ಮೀಸಲಿಡುವುದಾದರೆ ಶಕ್ತಿಯ ವ್ಯಾಖ್ಯೆಯಿಂದ ಅದನ್ನು ತೆಗೆದು, ಕೆಲಸ ಮಾಡಬಲ್ಲ ಗುಣ ಎಂದೋ ಇನ್ನೇನೋ ಬರೆಯಬೇಕು. ಸ್ಟ್ರೆಸ್‌ಗೆ ಮಾತ್ರ ಅಪರಿಚಿತ ಪದವೇ ಒಳ್ಳೆಯದು. ಪೀಡನವೋ ಹೊಸದೊಂದೋ, ಅದನ್ನು ಮೊದಲ ಸಲ ಕಂಡ ಹುಡುಗ ಇದೇನು ಎಂದು ನಿಲ್ಲುತ್ತಾನೆ. ಒತ್ತಡ ಎಂದು ಕಂಡರೆ ನಿಲ್ಲುವುದಿಲ್ಲ, ಗೊತ್ತು ಅಂದುಕೊಂಡು ಮುಂದೆ ಹೋಗುತ್ತಾನೆ.

## ಅಂಕ ಹೋಗುವುದು ಎಲ್ಲಿ

ಅಳತೆ ಕೊಟ್ಟ ಪ್ರಶ್ನೆಗಳಲ್ಲಿ ವಿದ್ಯಾರ್ಥಿ ಹೇಗೋ ಪಾರಾಗುತ್ತಾನೆ. 2 ಕಿಲೋವಾಟ್ ಶಕ್ತಿಯ ಪಂಪು ಅರ್ಧ ಗಂಟೆಯಲ್ಲಿ ಎಷ್ಟು ಶಕ್ತಿ ಬಳಸುತ್ತದೆ ಎಂದು ಕೇಳಿದರೆ, ಕಿಲೋವಾಟ್ ನೋಡಿ ಮೊದಲನೆಯದು ಪವರ್ ಎಂದು ಊಹಿಸಿ 1 ಯೂನಿಟ್ ಎಂದು ಉತ್ತರಿಸಬಹುದು. ಅಳತೆಯೇ ಇಲ್ಲದ ಪ್ರಶ್ನೆ ಬಂದಾಗ ಊಹೆಗೆ ದಾರಿ ಇಲ್ಲ. ಎರಡು ಮೋಟಾರುಗಳು ಒಂದೇ ತೂಕವನ್ನು ಒಂದೇ ಎತ್ತರಕ್ಕೆ ಎತ್ತಿದವು, ಮೊದಲನೆಯದು 10 ಸೆಕೆಂಡಿನಲ್ಲಿ, ಎರಡನೆಯದು 20 ಸೆಕೆಂಡಿನಲ್ಲಿ, ಯಾವುದರ ಶಕ್ತಿ ಹೆಚ್ಚು ಎಂದು ಕೇಳಿದರೆ? ಪಠ್ಯಪುಸ್ತಕವನ್ನು ನಂಬಿದವಳು ಎರಡೂ ಸಮ ಎಂದು ಬರೆಯುತ್ತಾಳೆ, ಎತ್ತಿದ ಕೆಲಸ ಒಂದೇ ಆದ್ದರಿಂದ. ಅಶ್ವಶಕ್ತಿಯ ಅರ್ಥದಲ್ಲಿ ಓದಿದವನು ಮೊದಲನೆಯದು ಎನ್ನುತ್ತಾನೆ. ಇಬ್ಬರೂ ತಮ್ಮ ತಮ್ಮ ಅರ್ಥದಲ್ಲಿ ಸರಿ. ಮೂಲ ಪ್ರಶ್ನೆಯಲ್ಲಿ ಪವರ್ ಎಂದಿದ್ದರೆ ಅಂಕ ಸಿಗುವುದು ಅವನಿಗೆ. ಪಾಠವನ್ನು ಸರಿಯಾಗಿ ಓದಿದವಳಿಗೆ ಸೊನ್ನೆ.

ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷ್ ಪ್ರಶ್ನೆಯೇ ಅಂತಿಮ ಎಂದು ಜೆಇಇ ಮೇನ್, ನೀಟ್ ನಡೆಸುವ ಎನ್‌ಟಿಎ ಮೊದಲೇ ಹೇಳಿಬಿಡುತ್ತದೆ. ಹಾಗಾಗಿ ಕನ್ನಡದಲ್ಲಿ ಬರೆಯುವವರಿಗೆ ತರಬೇತಿ ಕೊಡುವವರು ಹೇಳಬಹುದಾದ ಪ್ರಾಯೋಗಿಕ ಮಾತೆಂದರೆ, ಶಕ್ತಿ, ಸಾಮರ್ಥ್ಯ, ಒತ್ತಡ ಕಂಡಲ್ಲಿ ಇಂಗ್ಲಿಷ್ ಸಾಲನ್ನೂ ಒಮ್ಮೆ ನೋಡಿಕೊಳ್ಳಿ ಎಂಬುದೇ. ಇಂಗ್ಲಿಷ್ ಓದಲು ಬರುವವರಿಗೆ ಅದು ನೆರವಾಗುತ್ತದೆ. ಕನ್ನಡ ಪ್ರಶ್ನೆಪತ್ರಿಕೆ ಮಾಡಿದ್ದು ಇಂಗ್ಲಿಷ್ ಅಷ್ಟಾಗಿ ಬಾರದವರಿಗಾಗಿ.